ಅಂಗಡಿ ಬೋರ್ಡಿನಲ್ಲಿ ಕಳ್ಳ ಅಕ್ಷರ

ಗಿರಣಿಯ ಗೇಟಿಗೆ ಎದುರು ಮೂಲೆಯಲ್ಲಿರುವ ಕಿರಾಣಿ ಅಂಗಡಿಯೊಂದರ ಬೋರ್ಡಿನ ಚಿತ್ರ ಕಳೆದ ಹದಿನೈದು ದಿನಗಳಿಂದ ಊರಿನ ಫೋನುಗಳಲ್ಲಿ ಓಡಾಡುತ್ತಿರುವುದು ಓದುಗರಿಗೆ ತಿಳಿದೇ ಇದೆ. ಬೋರ್ಡಿನ ಎರಡನೆಯ ಸಾಲಿನಲ್ಲಿ "ಮಿಲ್ ಕಾರ್ಮಿಕರಿಗೆ ಉದ್ರಿ ಇಲ್ಲ" ಎಂದು ಕಪ್ಪು ಅಕ್ಷರಗಳಲ್ಲಿ ಬರೆದಂತೆ ಆ ಚಿತ್ರದಲ್ಲಿ ಕಾಣುತ್ತದೆ. ಎರಡು ತಿಂಗಳ ಸಂಬಳ ಕೈಗೆ ಬರದೆ, ಮನೆಯ ಒಲೆ ಉದ್ರಿ ಪುಸ್ತಕದ ಮೇಲೆ ಉರಿಯುತ್ತಿರುವ ಹೊತ್ತಿನಲ್ಲಿ ಇಂಥ ಮಾತು ಕಾರ್ಮಿಕರ ಮನಸ್ಸನ್ನು ಹೇಗೆ ಕೆರಳಿಸಿತೆಂಬುದನ್ನು ವಿವರಿಸಬೇಕಾಗಿಲ್ಲ. ಎರಡು ದಿನ ಆ ಅಂಗಡಿಯ ಮೆಟ್ಟಿಲನ್ನು ಯಾರೂ ಹತ್ತಲಿಲ್ಲ. ಮೂರನೆಯ ರಾತ್ರಿ ಯಾರೋ ಕಲ್ಲು ತೂರಿದರು. ಆ ಚಿತ್ರವನ್ನು ಕೈಯಿಂದ ಕೈಗೆ ದಾಟಿಸಿದವರಲ್ಲಿ ನಮ್ಮ ಪಕ್ಷದ ಮಿತ್ರರೂ ಇದ್ದರು. ಅದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ.

ಆ ಅಂಗಡಿಯ ಯಜಮಾನರು ನಮ್ಮ ಕಚೇರಿಗೆ ಬಂದು ಹೇಳಿದ್ದು ಇಷ್ಟೇ: "ಮೇಷ್ಟ್ರೇ, ಇದು ನಾನು ಬರೆಸಿದ್ದಲ್ಲ. ಬರೆಸಿದ್ರೆ ಪೇಂಟರ್‌ಗೆ ದುಡ್ಡು ಕೊಟ್ಟಿರಬೇಕಲ್ಲ, ಊರಾಗೆ ಇರೋ ಪೇಂಟರುಗಳನ್ನೆಲ್ಲ ಕರೆದು ಕೇಳಿ." ಬೋರ್ಡು ಅಲ್ಲೇ ಇದೆ, ಹೋಗಿ ನೋಡಿದರಾಯಿತಲ್ಲ ಎಂದು ಯಾರಿಗಾದರೂ ತೋರಬಹುದು. ನಾವೂ ಹೋಗಿ ನೋಡಿದೆವು. ಎರಡನೆಯ ಸಾಲಿನಲ್ಲಿ "ಕಿರಾಣಿ ಹಾಗೂ ಕಾಳುಕಡಿ ವ್ಯಾಪಾರಿಗಳು" ಎಂದಿದೆ. ಆದರೆ ಗೇಟಿನ ಬಳಿ ನಿಂತಿದ್ದ ಒಬ್ಬರು ಕೂಡಲೇ ಹೇಳಿದರು: "ಬೆಳಿಗ್ಗೆ ಬರೆಸಿದ್ದ, ಗಲಾಟೆ ಆಗ್ತದೆ ಅಂತ ರಾತ್ರೋರಾತ್ರಿ ಅಳಿಸ್ಯಾನೆ." ಸುಳ್ಳಿಗೆ ಹೀಗೆ ಒಂದು ಹಿಂಬಾಗಿಲು ಯಾವಾಗಲೂ ಇರುತ್ತದೆ. ಆದ್ದರಿಂದ ಇಂದಿನ ಬೋರ್ಡನ್ನು ತೋರಿಸಿದರೆ ಸಾಲದು. ಚಿತ್ರದಲ್ಲಿರುವ ಆ ಸಾಲು ತಗಡಿನ ಮೇಲೆ ಎಂದೂ ಇರಲಿಲ್ಲವೆಂದು ಆ ಚಿತ್ರದಿಂದಲೇ ತೋರಿಸಬೇಕು.

ಈ ನಡುವೆ ನಮ್ಮವರೇ ಆದ ಒಬ್ಬ ಉತ್ಸಾಹಿ ತರುಣರು ಬೇರೊಂದು ಉಪಾಯ ಸೂಚಿಸಿದರು. ಅದೇ ಬೋರ್ಡಿನ ಮೇಲೆ "ಕಾರ್ಮಿಕ ಬಂಧುಗಳಿಗೆ ಉದ್ರಿ ಉಂಟು" ಎಂದು ನಾವೇ ಅಕ್ಷರ ಕೂರಿಸಿ ಹಂಚಿದರೆ ಜಗಳ ತಾನಾಗಿ ತಣ್ಣಗಾಗುತ್ತದೆ ಎಂಬುದು ಅವರ ವಾದ. ಉದ್ದೇಶ ಒಳ್ಳೆಯದೇ ಎನ್ನೋಣ. ಆದರೆ ಒಳ್ಳೆಯ ಉದ್ದೇಶಕ್ಕಾಗಿ ಅಂಗಡಿ ಬೋರ್ಡನ್ನು ತಿದ್ದಿದ ಕಥೆ ಸಮಾಜವಾದಿಗಳಿಗೆ ಹೊಸದಲ್ಲ. 1917ರಲ್ಲಿ ರಷ್ಯದ ಪೆಟ್ರೋಗ್ರಾಡಿನ ಬೀದಿಯಲ್ಲಿ ಸೈನಿಕರೂ ಜನರೂ ಮೆರವಣಿಗೆ ಹೊರಟಾಗ ತೆಗೆದ ಒಂದು ಚಿತ್ರವಿದೆ. ಮೂಲ ಚಿತ್ರದಲ್ಲಿ ಅವರ ಹಿಂದಿನ ಅಂಗಡಿಯ ಬೋರ್ಡಿನ ಮೇಲೆ ಇರುವುದು ಗಡಿಯಾರ, ಬಂಗಾರ, ಬೆಳ್ಳಿ ಎಂಬರ್ಥದ ಮಾತು. ಪಾಪ, ಅವನು ಗಡಿಯಾರದ ವ್ಯಾಪಾರಿ. ಆಮೇಲೆ ಪ್ರಚಾರವಾದ ಪ್ರತಿಯಲ್ಲಿ ಅದೇ ಬೋರ್ಡು ನಿಮ್ಮ ಹಕ್ಕಿಗಾಗಿ ಹೋರಾಡಿ ಎಂದು ಕರೆ ಕೊಡುತ್ತದೆ. ಮೂಲದಲ್ಲಿ ಬರಹವೇ ಇಲ್ಲದ ಬಾವುಟ ಅರಸೊತ್ತಿಗೆಗೆ ಧಿಕ್ಕಾರ ಹೇಳಿ ಗಣರಾಜ್ಯಕ್ಕೆ ಜಯ ಕೋರುತ್ತದೆ. ಈ ಬಗೆಯ ತಿದ್ದಿದ ಸೋವಿಯತ್ ಚಿತ್ರಗಳನ್ನು ಮೂಲಗಳ ಪಕ್ಕದಲ್ಲಿಟ್ಟು ಬ್ರಿಟನ್ನಿನ ಡೇವಿಡ್ ಕಿಂಗ್ ಎಂಬವರು 1997ರಲ್ಲಿ ಒಂದು ಪುಸ್ತಕವನ್ನೇ ಹೊರತಂದರು. ಆ ಮೆರವಣಿಗೆ ನಿಜವಾಗಿ ನಡೆದಿತ್ತು, ಆ ಜನ ನಿಜವಾಗಿ ಬೀದಿಗೆ ಇಳಿದಿದ್ದರು. ಅವರ ಹಿಂದೆ ಗಡಿಯಾರದ ಅಂಗಡಿಯಿದ್ದರೆ ಕ್ರಾಂತಿಗೆ ಯಾವ ಕುಂದೂ ಇರಲಿಲ್ಲ. ಇಂದು ಆ ಚಿತ್ರವನ್ನು ಲೋಕ ನೋಡುವುದು ಮಾತ್ರ ಕಳ್ಳ ಅಕ್ಷರದ ಉದಾಹರಣೆಯಾಗಿ.

ಆ ಕಾಲದಲ್ಲಿ ಈ ಕೆಲಸವನ್ನು ಕಾಗದಕ್ಕೆ ಇಳಿಸಿದ ಚಿತ್ರದ ಮೇಲೆ ಸಣ್ಣ ಕುಂಚದಿಂದ ಮಾಡುತ್ತಿದ್ದರು. ತಿದ್ದಿದ ಮೇಲೆ ಆ ಕಾಗದದ ಇನ್ನೊಂದು ಚಿತ್ರ ತೆಗೆಯುತ್ತಿದ್ದರು. ಎರಡನೆಯ ಸಲ ಕ್ಯಾಮರಾದ ಕಣ್ಣಿಗೆ ಬಿದ್ದಾಗ ಕುಂಚದ ಗುರುತು ಮತ್ತು ಮೂಲದ ಕಣಗಳು ಒಂದಾಗಿ ಹೋಗುತ್ತಿದ್ದವು. ಇಂದು ಕುಂಚದ ಜಾಗದಲ್ಲಿ ಕಂಪ್ಯೂಟರು ಬಂದಿದೆ. ಚಿತ್ರ ವಾಟ್ಸಾಪಿನಲ್ಲಿ ಫೋನಿಂದ ಫೋನಿಗೆ ಹಾರುವಾಗ ಹಿಂಡಿ ಸಣ್ಣದಾಗುತ್ತದಲ್ಲ, ಆ ಹಿಂಡುವಿಕೆಯೇ ಈಗ ಕುಂಚದ ಗುರುತನ್ನು ಅಳಿಸುತ್ತದೆ.

ತರುಣರ ಸಲಹೆಯನ್ನು ನಾವು ಒಪ್ಪಲಿಲ್ಲ. ಆದರೆ ಈ ಕೆಲಸ ಹೇಗೆ ಆಗುತ್ತದೆಂದು ತಿಳಿಯದೆ ಅದರ ಕಳ್ಳತನ ಹಿಡಿಯುವುದು ಸಾಧ್ಯವಿಲ್ಲವೆಂದು ತೋರಿತು. ಆದ್ದರಿಂದ ಯಜಮಾನರ ಒಪ್ಪಿಗೆ ಪಡೆದು, ಅದೇ ಬೋರ್ಡಿನ ಹೊಸ ಚಿತ್ರ ತೆಗೆದು, ಅದೇ ಸಾಲನ್ನು ಅದರ ಮೇಲೆ ಕೂರಿಸಿ ನೋಡಿದೆವು. ನಮ್ಮ ಪತ್ರಿಕೆಯ ಪುಟ ಕಟ್ಟುವ ಹುಡುಗನೇ ಈ ಕೆಲಸ ಮಾಡಿದವನು. ಯಾರಿಗೂ ಕಾಸು ಕೊಡದೆ ಬಳಸಬಹುದಾದ GIMP ಎಂಬ ತಂತ್ರಾಂಶದಲ್ಲಿ ಮಾಡಿದ. ಮೂರು ಸಂಜೆ ಹಿಡಿಯಿತು. ನೋಡುವುದನ್ನು ನೋಡಿಯಾದ ಮೇಲೆ ಆ ಕಡತವನ್ನು ಯಜಮಾನರ ಎದುರಿನಲ್ಲೇ ಅಳಿಸಿದೆವು. ಆ ಮೂರು ಸಂಜೆಗಳಲ್ಲಿ ಕಲಿತದ್ದನ್ನು ಓದುಗರ ಮುಂದೆ ಇಡುತ್ತೇವೆ. ನಾಳೆ ಇನ್ನೊಂದು ಅಂಗಡಿಯ ಬೋರ್ಡಿಗೆ ಇದೇ ಗತಿ ಬರಬಹುದು.

ಮೊದಲು ಆ ಬೋರ್ಡು ಹೇಗಿದೆಯೆಂದು ಹೇಳಬೇಕು. ಅಂಗಡಿ ಎರಡು ಬೀದಿ ಕೂಡುವ ಮೂಲೆಯಲ್ಲಿದೆ. ತಗಡನ್ನು ಮೂಲೆಯ ಸುತ್ತ ಡೊಂಕಾಗಿ ಬಗ್ಗಿಸಿ ಬೋಲ್ಟು ಹೊಡೆದಿದ್ದಾರೆ. ಹಳದಿ ನೆಲ, ಮೇಲಿನ ಸಾಲು ಕೆಂಪು, ಕೆಳಗಿನದು ಕಪ್ಪು. ಹತ್ತಾರು ಮಳೆಗಾಲ ಕಂಡ ಬೋರ್ಡು. ಕೆಂಪು ಬಿಳಿಚಿಕೊಂಡಿದೆ. ಮೇಲಂಚಿನ ಬೋಲ್ಟುಗಳಿಂದ ತುಕ್ಕಿನ ನೀರು ಕಂದು ಗೆರೆಗಳಾಗಿ ಕೆಳಕ್ಕೆ ಇಳಿದಿದೆ.

ಕೆಲಸದ ಮೊದಲನೆಯ ಭಾಗ ಹಳೆಯ ಅಕ್ಷರಗಳನ್ನು ಎತ್ತಿ ನೆಲವನ್ನು ಖಾಲಿ ಮಾಡುವುದು. ಅಕ್ಷರಗಳ ನಡುವೆ ಕಾಣುವ ಹಳದಿಯನ್ನು Clone ಎಂಬ ಸಾಧನದಿಂದ ನಕಲು ತೆಗೆದು ಅಕ್ಷರದ ಮೇಲೆ ಬಳಿಯುತ್ತಾರೆ. ಇದು ಸುಲಭವೆಂದು ನಮ್ಮ ಹುಡುಗ ಮೊದಲು ನಂಬಿದ್ದ. ಆದರೆ ಹಳದಿ ಎಲ್ಲ ಕಡೆ ಒಂದೇ ಹಳದಿಯಲ್ಲ. ಬಿಸಿಲು ಹೆಚ್ಚು ಬೀಳುವ ಕಡೆ ಮಾಸಿದೆ, ಸೂರಿನ ನೆರಳಿರುವ ಕಡೆ ಗಾಢವಾಗಿದೆ. ಮೇಲಿನಿಂದ ತೆಗೆದ ಹಳದಿಯನ್ನು ಕೆಳಗೆ ಬಳಿದರೆ ತೇಪೆ ಹಾಕಿದಂತೆ ಕಾಣುತ್ತದೆ. ಅದೇ ಎತ್ತರದಲ್ಲಿ, ತಗಡಿನ ಬಾಗನ್ನು ಅನುಸರಿಸಿ, ಅಕ್ಕಪಕ್ಕದಿಂದಲೇ ತೆಗೆಯಬೇಕು. ತುಕ್ಕಿನ ಗೆರೆ ಇರುವ ಕಡೆ ಇನ್ನೂ ಕಷ್ಟ. ಆ ಗೆರೆ ಹಳೆಯ ಅಕ್ಷರದ ಮೇಲೆಯೂ ಹರಿದಿರುತ್ತದೆ. ಅಕ್ಷರವನ್ನು ಅಳಿಸುವಾಗ ಗೆರೆಯೂ ಹೋಗುತ್ತದೆ, ಅದನ್ನು ಮತ್ತೆ ಹುಟ್ಟಿಸಬೇಕು. ನಮ್ಮ ಹುಡುಗನಿಗೆ ಒಂದು ಸಂಜೆ ಪೂರ್ತಿ ಹೋದದ್ದು ಇಲ್ಲೇ.

ಎರಡನೆಯದು ಅಕ್ಷರ. ಪೇಂಟರು ಬರೆದ ಕನ್ನಡ ಯಾವ ಕಂಪ್ಯೂಟರಿನಲ್ಲೂ ಸಿಗುವುದಿಲ್ಲ. ಅದು ಒಬ್ಬ ಮನುಷ್ಯನ ಕೈ. ಆದ್ದರಿಂದ ನಂಬುವ ಹಾಗೆ ಮಾಡಬೇಕಾದರೆ ಬೋರ್ಡಿನಲ್ಲಿ ಇರುವ ಅಕ್ಷರಗಳನ್ನೇ ಕತ್ತರಿಸಿ ಹೊಸ ಮಾತು ಕಟ್ಟಬೇಕು. "ಕಿರಾಣಿ ಹಾಗೂ ಕಾಳುಕಡಿ ವ್ಯಾಪಾರಿಗಳು" ಎಂಬ ಸಾಲಿನಿಂದ ಕಾ, ಕ, ರಿ ಹೊರಬರುತ್ತವೆ. ಗೆ ಇಲ್ಲ, ಗ ಮಾತ್ರ ಇದೆ, ಏತ್ವ ಸೇರಿಸಬೇಕು. ಮ, ಲ, ಉ, ದ, ಇ ಇಲ್ಲವೇ ಇಲ್ಲ. ಒಂದನೆಯ ತರಗತಿಗೆ ಪಾಠ ಹೇಳಿದ ಯಾರಿಗಾದರೂ ಗೊತ್ತು, ಮ ಮತ್ತು ವು ಎರಡನ್ನೂ ಮಕ್ಕಳು ಎಷ್ಟು ಸಲ ಅದಲುಬದಲು ಮಾಡುತ್ತಾರೆಂದು. ಆ ಹಳೆಯ ಜ್ಞಾನ ಇಲ್ಲಿ ಕೆಲಸಕ್ಕೆ ಬಂತು. ವ್ಯಾ ದಿಂದ ವ ತೆಗೆದು, ಳು ದಿಂದ ಕೊಂಬು ತೆಗೆದು, ಸೇರುವ ಕಡೆ ಸ್ವಲ್ಪ ತಿದ್ದಿ ಒಂದು ಮ ಕಟ್ಟಿದೆವು. ಉಳಿದವನ್ನು ಅದೇ ಪೇಂಟರು ಬರೆದ ಬೇರೊಂದು ಅಂಗಡಿಯ ಬೋರ್ಡಿನಿಂದ ಎತ್ತಿದೆವು. ಫೋನಿನಲ್ಲಿ ಓಡಾಡುತ್ತಿರುವ ಚಿತ್ರ ಮಾಡಿದವನು ಇಷ್ಟು ತಾಳ್ಮೆ ತೋರಿಲ್ಲ. ಎಲ್ಲಿಂದಲೋ ದಪ್ಪನೆಯ ಮುದ್ರಣದ ಅಕ್ಷರ ತಂದು ಸಾಲು ಪೂರ್ತಿ ಅದರಲ್ಲೇ ಹೊಡೆದಿದ್ದಾನೆ.

ಇದೇ ಅವನ ಮೊದಲ ತಪ್ಪು. ಮನುಷ್ಯನ ಕೈ ಒಂದೇ ಅಕ್ಷರವನ್ನು ಎರಡು ಸಲ ಒಂದೇ ರೀತಿ ಬರೆಯಲಾರದು. ನಿಜವಾದ ಬೋರ್ಡಿನಲ್ಲಿ ಳು ಎರಡು ಸಲ ಬಂದಿದೆ. ಕಾಳು ಎಂಬಲ್ಲಿ ಅದರ ಕೊಂಬು ಉದಾರವಾಗಿ ಹೊರಳಿದೆ. ವ್ಯಾಪಾರಿಗಳು ಎಂಬಲ್ಲಿ ಜಾಗ ಸಾಲದೆ ಮುದುಡಿದೆ. ಸುಳ್ಳು ಸಾಲಿನಲ್ಲಿ ಮಿ ಎರಡು ಸಲ ಬರುತ್ತದೆ, ಮಿಲ್ ಎಂಬಲ್ಲಿ ಒಮ್ಮೆ, ಕಾರ್ಮಿಕ ಎಂಬಲ್ಲಿ ಒಮ್ಮೆ. ಒಂದನ್ನು ಕತ್ತರಿಸಿ, ಸ್ವಲ್ಪ ತಿರುಗಿಸಿ ಇನ್ನೊಂದರ ಮೇಲೆ ಇಟ್ಟರೆ ಗುಡಿಸು, ಹೊಟ್ಟೆ ಎಲ್ಲವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡುತ್ತವೆ.

ಮೂರನೆಯದು ಬಾಗು. ನಮಗೆ ಅತ್ಯಂತ ಸ್ವಾರಸ್ಯವೆನಿಸಿದ್ದು ಇದು, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇವೆ. ಓದುಗರು ಮನೆಯಲ್ಲಿರುವ ಒಂದು ಎಣ್ಣೆ ಡಬ್ಬಿಯನ್ನು ತಲೆಗಿಂತ ಎತ್ತರದಲ್ಲಿ ಹಿಡಿದು ನೋಡಲಿ. ಡಬ್ಬಿಯ ಸುತ್ತ ಬರೆದ ಸಾಲು ನಡುವೆ ಮೇಲಕ್ಕೆ ಉಬ್ಬಿ ಎರಡು ತುದಿಗಳಲ್ಲಿ ಕೆಳಕ್ಕೆ ಬಾಗಿದ ಕಮಾನಿನಂತೆ ಕಾಣುತ್ತದೆ. ಆದರೆ ಅಕ್ಷರಗಳ ನಿಲುಗೆರೆಗಳು ಓರೆಯಾಗುವುದಿಲ್ಲ, ನೆಟ್ಟಗೇ ನಿಲ್ಲುತ್ತವೆ. ಕಮಾನಿನ ಹಾದಿಯಲ್ಲಿ ಅಕ್ಷರಗಳು ಏರಿ ಇಳಿಯುತ್ತವೆ, ವಾಲುವುದಿಲ್ಲ. ಅವುಗಳ ತಲೆಕಟ್ಟು ಮಾತ್ರ ಓರೆಯಾಗಿ ಕಾಣುತ್ತದೆ. ಮೂಲೆಗೆ ಸುತ್ತಿದ ತಗಡೂ ಕೆಳಗಿನಿಂದ ನೋಡುವವನಿಗೆ ಡಬ್ಬಿಯೇ.

ಆತುರದಿಂದ ಕೆಲಸ ಮಾಡುವವನು ಇಲ್ಲೇ ಸಿಕ್ಕಿಬೀಳುತ್ತಾನೆ. ಕಂಪ್ಯೂಟರಿನಲ್ಲಿ Text along Path ಎಂಬ ಸುಲಭದ ದಾರಿಯಿದೆ. ಬಾಗಿದ ಗೆರೆ ಎಳೆದು ಅದರ ಮೇಲೆ ಅಕ್ಷರಗಳನ್ನು ಸಾಲಾಗಿ ಕೂರಿಸುತ್ತದೆ. ಅದು ಪ್ರತಿ ಅಕ್ಷರವನ್ನೂ ಗೆರೆಗೆ ಲಂಬವಾಗಿ ತಿರುಗಿಸುವುದರಿಂದ ಎಡತುದಿಯವು ಎಡಕ್ಕೆ, ಬಲತುದಿಯವು ಬಲಕ್ಕೆ ಬೀಸಣಿಗೆಯ ಕಡ್ಡಿಗಳಂತೆ ವಾಲುತ್ತವೆ. ಹರಿದಾಡುತ್ತಿರುವ ಚಿತ್ರದಲ್ಲಿ ಸಾಲಿನ ಮೊದಲ ಮಿ ಎಡಕ್ಕೆ, ಕೊನೆಯ ಲ್ಲ ಬಲಕ್ಕೆ ವಾಲಿವೆ. ಅದೇ ಚಿತ್ರದಲ್ಲಿ ಅವುಗಳ ಕೆಳಗಿರುವ ಬಾಗಿಲ ಚೌಕಟ್ಟುಗಳನ್ನು ನೋಡಿ. ಕ್ಯಾಮರಾವನ್ನು ಮೇಲಕ್ಕೆ ಎತ್ತಿ ತೆಗೆದಿದ್ದರಿಂದ ಅವು ಮೇಲೆ ಹೋದಂತೆ ಸ್ವಲ್ಪ ಒಳಕ್ಕೆ ಕೂಡಿಕೊಂಡಂತೆ ಕಾಣುತ್ತವೆ. ಚೌಕಟ್ಟು ಒಳಕ್ಕೆ ವಾಲಿರುವಾಗ ಅದರ ಮೇಲಿನ ಅಕ್ಷರ ಹೊರಕ್ಕೆ ವಾಲುವುದು ಆ ತಗಡಿನ ಮೇಲೆ ಆಗುವ ಮಾತಲ್ಲ. ಪೇಂಟರು ಬೇಕೆಂದೇ ಹಾಗೆ ಓರೆಯಾಗಿ ಬರೆದಿದ್ದರೆ ಬೇರೆ ಮಾತು, ಆದರೆ ಅದೇ ಬೋರ್ಡಿನ ಮೇಲಿನ ಕೆಂಪು ಸಾಲು ನೆಟ್ಟಗಿದೆ.

ನಮ್ಮ ಹುಡುಗ ಇದಕ್ಕೆ Curve Bend ಎಂಬ ಸಾಧನ ಬಳಸಿದ. ಅದು ಸಾಲನ್ನು ಮೇಲೆ ಕೆಳಗೆ ಜರುಗಿಸುತ್ತದೆ, ಅಕ್ಷರಗಳನ್ನು ತಿರುಗಿಸುವುದಿಲ್ಲ. ಆಗಲೂ ಒಂದು ತಪ್ಪು ಮಾಡಿದ. ಬೋರ್ಡಿನ ಮೇಲಂಚಿಗೆ ಎಷ್ಟು ಬಾಗು ಇತ್ತೋ ಅಷ್ಟನ್ನೇ ಎರಡನೆಯ ಸಾಲಿಗೂ ಕೊಟ್ಟ. ಕಣ್ಣಿಗಿಂತ ಎತ್ತರ ಹೆಚ್ಚಾದಷ್ಟೂ ಬಾಗು ಹೆಚ್ಚು. ಆದ್ದರಿಂದ ಮೇಲಂಚು ಹೆಚ್ಚು ಬಾಗುತ್ತದೆ, ಕೆಳಂಚು ಕಡಿಮೆ, ನಡುವಿನ ಸಾಲುಗಳು ಅವೆರಡರ ನಡುವೆ. ತಿದ್ದುವ ಮೊದಲು ಅವನ ಸಾಲು ತಗಡಿಗೆ ಅಂಟದೆ ಗಾಳಿಯಲ್ಲಿ ತೇಲುವಂತೆ ಕಾಣುತ್ತಿತ್ತು.

ಬಾಗಿನ ಜೊತೆಗೆ ಅಗಲದ ಲೆಕ್ಕವೂ ಇದೆ. ತಗಡು ನಮ್ಮಿಂದ ಪಕ್ಕಕ್ಕೆ ತಿರುಗಿದಷ್ಟೂ ಅಕ್ಷರ ಕಿರಿದಾಗಿ ಕಾಣುತ್ತದೆ. 45 ಡಿಗ್ರಿ ತಿರುಗಿದ ಕಡೆ ಅಗಲ ಹತ್ತರಲ್ಲಿ ಏಳು ಪಾಲು ಉಳಿಯುತ್ತದೆ, 60 ಡಿಗ್ರಿ ತಿರುಗಿದರೆ ಅರ್ಧ. ಎತ್ತರ ಮಾತ್ರ ಹೆಚ್ಚುಕಡಿಮೆ ಹಾಗೇ ಇರುತ್ತದೆ. ನಾವು ತೆಗೆದ ಚಿತ್ರದಲ್ಲಿ ನಡುವಿನ ಕ ಸುಮಾರು 60 ಚುಕ್ಕಿ ಅಗಲವಿದ್ದರೆ, ಎಡತುದಿಯ ಕಿ ಯಲ್ಲಿನ ಕ 42ರ ಆಸುಪಾಸಿನಲ್ಲಿದೆ. ಮೂಲೆಗೆ ಎದುರಾಗಿ ನಿಂತವನಿಗೆ ಎರಡು ತುದಿಗಳೂ 45 ಡಿಗ್ರಿ ತಿರುಗಿರಬೇಕು, ಲೆಕ್ಕ ಸರಿಯಾಗಿಯೇ ಇದೆ. ಈಗ ಸುಳ್ಳು ಸಾಲಿನ ಎರಡು ಮಿ ಗಳಿಗೆ ಮರಳೋಣ. ಒಂದು ಎಡತುದಿಯಲ್ಲಿದೆ, ಇನ್ನೊಂದು ನಡುವಿಗೆ ಹತ್ತಿರ. ತಗಡಿನ ಮೇಲೆ ನಿಜವಾಗಿ ಬರೆದಿದ್ದರೆ ತುದಿಯದು ನಡುವಿನದರ ಮುಕ್ಕಾಲು ಅಗಲ ಮಾತ್ರ ಕಾಣಬೇಕಿತ್ತು. ಎರಡೂ ಒಂದೇ ಅಗಲ ಇವೆ. ಇದನ್ನು ನೋಡಲು ಯಾವ ಯಂತ್ರವೂ ಬೇಡ. ಚಿತ್ರವನ್ನು ದೊಡ್ಡದು ಮಾಡಿ, ಒಂದು ಕಾಗದದ ಅಂಚಿನ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ ಅಳೆದರೆ ಸಾಕು. ಗೇಟಿನ ಬಳಿ ಮೊದಲು ಅನುಮಾನ ಎತ್ತಿದ್ದ ಅದೇ ಕಾರ್ಮಿಕರ ಕೈಯಲ್ಲೇ ನಾವು ಇದನ್ನು ಅಳೆಸಿದೆವು.

ನಾಲ್ಕನೆಯದು ಬಿಸಿಲು, ಮಳೆ, ತುಕ್ಕು. ಹಳೆಯ ಬೋರ್ಡಿನ ಮುಪ್ಪು ಒಂದು ಕ್ರಮದಲ್ಲಿ ಬರುತ್ತದೆ. ಮೊದಲು ನೆಲ, ಅದರ ಮೇಲೆ ಅಕ್ಷರ, ಅದರ ಮೇಲೆ ಧೂಳು, ತುಕ್ಕಿನ ಗೆರೆ, ಮಳೆಯ ಕಲೆ. ಕೊನೆಗೆ ಬಂದದ್ದು ಎಲ್ಲಕ್ಕಿಂತ ಮೇಲಿರಬೇಕು. ನಿಜವಾದ ಬೋರ್ಡಿನಲ್ಲಿ ಎಡದಿಂದ ಮೂರನೆಯ ಬೋಲ್ಟಿನ ತುಕ್ಕು ಕೆಂಪು ಸಾಲನ್ನು ದಾಟಿ, ಕಾ ಅಕ್ಷರದ ಕಪ್ಪನ್ನೂ ಕಂದು ಮಾಡಿ, ಕೆಳಂಚಿನವರೆಗೆ ಹರಿದಿದೆ. ಸುಳ್ಳು ಚಿತ್ರದಲ್ಲಿ ಅದೇ ಗೆರೆ ಕೆಂಪು ಸಾಲಿನ ಕೆಳಗೆ ಕಡಿದು ನಿಲ್ಲುತ್ತದೆ, ಕಪ್ಪು ಸಾಲು ಮುಗಿದ ಮೇಲೆ ಮತ್ತೆ ಶುರುವಾಗುತ್ತದೆ. ನೀರು ನಡುವೆ ಒಂದು ಸಾಲನ್ನು ಹಾರಿ ಇಳಿಯಿತೆಂದು ನಂಬಬೇಕಾಗುತ್ತದೆ.

ಜಾಣನಾದವನು ಮೂಲ ಚಿತ್ರದ ಕಲೆಗಳನ್ನು ಬೇರೆ ಪದರವಾಗಿ ತೆಗೆದಿಟ್ಟುಕೊಂಡು, ಹೊಸ ಅಕ್ಷರಗಳ ಮೇಲೆ Multiply ಎಂಬ ಕ್ರಮದಲ್ಲಿ ಹಾಸುತ್ತಾನೆ. ಆ ಕ್ರಮದಲ್ಲಿ ಕಲೆಯ ಕಪ್ಪು ಮಾತ್ರ ಕೆಳಗಿನದಕ್ಕೆ ಸೇರುತ್ತದೆ. ನಮ್ಮ ಹುಡುಗನೂ ಹಾಗೇ ಮಾಡಿದ. ಆದರೆ ಹಳದಿಯ ಮೇಲೆ ಹೊಂದಿದ ಕಲೆ ಕಪ್ಪಿನ ಮೇಲೆ ಕಾಣಲೇ ಇಲ್ಲ. ಕಪ್ಪಿಗೆ ಇನ್ನಷ್ಟು ಕಪ್ಪು ಕೂಡಿಸಿದರೆ ಕಾಣುವುದು ಏನು? ನಿಜವಾದ ತುಕ್ಕೂ ಧೂಳೂ ಕಪ್ಪು ಅಕ್ಷರವನ್ನು ಕಪ್ಪಾಗಿಸುವುದಿಲ್ಲ, ತಿಳಿಯಾಗಿಸುತ್ತವೆ. ಅದಕ್ಕಾಗಿ ಅಕ್ಷರದ ಮೇಲೆ ಬೇರೆಯಾಗಿ ಮಂಕು ಬಣ್ಣ ಹಚ್ಚಬೇಕಾಯಿತು.

ಕಪ್ಪಿನ ಬಗ್ಗೆ ಇನ್ನೊಂದು ಮಾತು. ಕಂಪ್ಯೂಟರಿನಲ್ಲಿ ಬೆಳಕನ್ನು 0ಯಿಂದ 255ರವರೆಗೆ ಅಳೆಯುತ್ತಾರೆ. 0 ಎಂದರೆ ಬೆಳಕೇ ಇಲ್ಲದ ಕಪ್ಪು. ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದ ಚಿತ್ರದಲ್ಲಿ ಹಳೆಯ ಬಣ್ಣದ ಕಪ್ಪು ಎಂದೂ 0 ಆಗಿರುವುದಿಲ್ಲ. ಎಣ್ಣೆಯಂಶ ಹೋಗಿ ಮಂಕಾದ ಬಣ್ಣ ಆಕಾಶದ ಬೆಳಕನ್ನು ಸ್ವಲ್ಪ ಹಿಂದಕ್ಕೆ ಕೊಡುತ್ತದೆ. ನಾವು ಅಳೆದಾಗ ನಿಜವಾದ ಅಕ್ಷರಗಳ ಕಪ್ಪು 50ರಿಂದ 70ರ ನಡುವೆ ಇತ್ತು. ಸುಳ್ಳು ಸಾಲಿನದು 10ರ ಒಳಗೆ. ಅಂಗಡಿಯ ಒಳಗಿನ ಕತ್ತಲೆಗಿಂತಲೂ ಆ ಅಕ್ಷರಗಳು ಕಪ್ಪಗಿವೆ. ಅಕ್ಷರದ ಅಂಚೂ ಹಾಗೆಯೇ. ಕ್ಯಾಮರಾ ತೆಗೆದ ಅಕ್ಷರದಲ್ಲಿ ಕಪ್ಪಿನಿಂದ ಹಳದಿಗೆ ಹೋಗಲು ಎರಡು ಮೂರು ಚುಕ್ಕಿಗಳ ಮಬ್ಬು ಇರುತ್ತದೆ. ಕಂಪ್ಯೂಟರಿನಲ್ಲಿ ಹುಟ್ಟಿದ ಅಕ್ಷರದ ಅಂಚು ಬ್ಲೇಡಿನಿಂದ ಕತ್ತರಿಸಿದಂತಿರುತ್ತದೆ. Gaussian Blur ಎಂಬುದರಿಂದ ಅದನ್ನು ಮಬ್ಬು ಮಾಡಬಹುದು, ಚಿತ್ರದ ಕಣಗಳಿಗೆ ಹೊಂದುವ ಕಣಗಳನ್ನೂ ಎರಚಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಪ್ಪಿನ ಅಳತೆ, ಅಂಚಿನ ಮಬ್ಬು, ಕಣ, ಇವು ಮೂಲ ಕಡತದಲ್ಲಿ ಮಾತ್ರ ನಂಬಬಹುದಾದ ಸಾಕ್ಷಿಗಳು. ಚಿತ್ರ ನಾಲ್ಕು ಫೋನು ದಾಟಿದ ಮೇಲೆ ನಿಜವಾದ ಅಕ್ಷರದ ಅಂಚೂ ಕೆಟ್ಟಿರುತ್ತದೆ, ಸುಳ್ಳಿನದೂ ಕೆಟ್ಟಿರುತ್ತದೆ. ಚಿತ್ರದ ಒಳಗೆ ದಾಖಲಾಗಿರುವ ದಿನಾಂಕ, ಕ್ಯಾಮರಾದ ಹೆಸರು ಮುಂತಾದ ವಿವರಗಳನ್ನೂ ವಾಟ್ಸಾಪು ಚಿತ್ರವಾಗಿ ಕಳಿಸುವಾಗ ತೆಗೆದುಹಾಕುತ್ತದೆ. ಆದ್ದರಿಂದ ವಿವರ ಇಲ್ಲದ್ದೇ ಕಳ್ಳತನದ ಗುರುತು ಎನ್ನುವುದು ತಪ್ಪು. ಆಕಾರದ ಸಾಕ್ಷಿ ಹಾಗಲ್ಲ. ಒಂದೇ ಅಚ್ಚಿನ ಎರಡು ಮಿ, ಹೊರಕ್ಕೆ ವಾಲಿದ ಲ್ಲ, ಕಿರಿದಾಗದ ತುದಿ, ಕಡಿದುಹೋದ ತುಕ್ಕಿನ ಗೆರೆ, ಇವು ಎಷ್ಟು ಸಲ ಹಿಂಡಿದರೂ ಉಳಿಯುತ್ತವೆ. ನಾವು ನೆಚ್ಚಿರುವುದು ಈ ನಾಲ್ಕನ್ನೇ.

ಇನ್ನು "ಬರೆಸಿ ಅಳಿಸಿದ" ಎಂಬ ಮಾತು. ಪೇಂಟರು ಹಳೆಯ ಸಾಲಿನ ಮೇಲೆ ಹೊಸದನ್ನು ಬರೆಯಬೇಕಾದರೆ ಮೊದಲು ಆ ಪಟ್ಟಿಗೆ ಹೊಸ ಹಳದಿ ಬಳಿಯಲೇಬೇಕು, ಇಲ್ಲವಾದರೆ ಹಳೆಯ ಕಪ್ಪು ಕೆಳಗಿನಿಂದ ಇಣುಕುತ್ತದೆ. ಹೊಸ ಹಳದಿ ಮಾಸಿದ ಹಳದಿಯ ನಡುವೆ ಪಟ್ಟಿ ಕಟ್ಟಿದಂತೆ ಹೊಳೆಯುತ್ತದೆ. ಅದನ್ನು ರಾತ್ರಿಯಲ್ಲಿ ಕೆರೆದರೆ ಕೆಳಗಿನ ಹಳೆಯ ಅಕ್ಷರವೂ ಕಿತ್ತುಬರುತ್ತದೆ. ಬೋರ್ಡಿನ ಮೇಲೆ ಅಂಥ ಗೀರು ಒಂದೂ ಇಲ್ಲ. ಇದಕ್ಕಿಂತ ಗಟ್ಟಿಯಾದ ಸಾಕ್ಷಿ ನಮ್ಮ ಕಚೇರಿಯಲ್ಲೇ ಇತ್ತು. 2024ರ ನವೆಂಬರ್ 1ರ ರಾಜ್ಯೋತ್ಸವ ಮೆರವಣಿಗೆಯಲ್ಲಿ ತೆಗೆದ ಒಂದು ಚಿತ್ರದ ಹಿನ್ನೆಲೆಯಲ್ಲಿ ಈ ಬೋರ್ಡು ಬಿದ್ದಿದೆ. ಅದರಲ್ಲಿ ಕೊನೆಯ ಳು ಅಕ್ಷರದ ಹೊಟ್ಟೆಯಲ್ಲಿ ಬಣ್ಣ ಎದ್ದುಹೋಗಿ ಹುಣಸೆ ಬೀಜದ ಆಕಾರದ ಕಲೆ ಕಾಣುತ್ತದೆ. ಇಂದಿನ ಬೋರ್ಡಿನಲ್ಲೂ ಅದೇ ಜಾಗದಲ್ಲಿ ಅದೇ ಆಕಾರದ ಕಲೆ ಇದೆ. ಒಮ್ಮೆ ಅಳಿಸಿ ಮತ್ತೆ ಬರೆದ ಅಕ್ಷರದಲ್ಲಿ ಎದ್ದುಹೋದ ಬಣ್ಣದ ಗುರುತನ್ನು ಹಾಗೆಯೇ ಮರಳಿ ಕೂರಿಸುವ ಪೇಂಟರು ನಮ್ಮ ಜಿಲ್ಲೆಯಲ್ಲಿ ಇರಲಾರ.

ನುರಿತ ಕೈಯೊಂದು ವಾರವಿಡೀ ಕೂತು ಮಾಡಿದರೆ ನಾವು ಹೇಳಿದ ಎಲ್ಲ ಗುರುತುಗಳನ್ನೂ ಮುಚ್ಚಬಲ್ಲದು. ಮೂರನೆಯ ಸಂಜೆಯ ಕೊನೆಗೆ ನಮ್ಮ ಹುಡುಗ ಮಾಡಿದ ಪ್ರತಿಯನ್ನು ಫೋನಿನ ಪರದೆಯಲ್ಲಿ ಯಜಮಾನರಿಗೇ ತೋರಿಸಿದಾಗ ಅವರು ಕ್ಷಣಹೊತ್ತು ಮಾತಾಡದೆ ನಿಂತರು. ಅಂಥ ಚಿತ್ರ ಎದುರಾದಾಗ ಚಿತ್ರವನ್ನೇ ದಿಟ್ಟಿಸುವುದರಿಂದ ಫಲವಿಲ್ಲ. ಬೇರೆ ದಿನ, ಬೇರೆ ಮಗ್ಗುಲಿನಿಂದ ಬೇರೆಯವರು ತೆಗೆದ ಚಿತ್ರವನ್ನು ಹುಡುಕಬೇಕು. ಮದುವೆಯ ದಿಬ್ಬಣ, ಗಣಪತಿ ಮೆರವಣಿಗೆ, ಚುನಾವಣೆಯ ಪ್ರಚಾರ, ಹೀಗೆ ನಮ್ಮ ಬೀದಿಗಳಲ್ಲಿ ಯಾರ ಫೋನಿನಲ್ಲಾದರೂ ಹಿನ್ನೆಲೆಯಾಗಿ ಬೋರ್ಡು ಬಿದ್ದೇ ಇರುತ್ತದೆ.

ಈ ಚಿತ್ರ ಮಾಡಿದವರು ಯಾರೆಂದು ನಾವು ಊಹಿಸಲು ಹೋಗುವುದಿಲ್ಲ. ಸಂಬಳ ಕೇಳುವವನ ಕೈಯೂ ಉದ್ರಿ ಕೊಡುವವನ ಕೈಯೂ ಬೇರೆಯಾದರೆ ಯಾರಿಗೆ ಅನುಕೂಲವೆಂಬುದನ್ನು ಗೇಟಿನ ಹೊರಗೆ ನಿಂತವರು ತಾವೇ ಲೆಕ್ಕ ಹಾಕಬಲ್ಲರು. ಯಜಮಾನರು ಪೊಲೀಸು ಠಾಣೆಗೆ ದೂರು ಕೊಟ್ಟಿದ್ದಾರೆ. ಒಬ್ಬರ ಮರ್ಯಾದೆಗೆ ಧಕ್ಕೆ ತರುವ ಉದ್ದೇಶದಿಂದ ಸುಳ್ಳು ದಾಖಲೆ ಸೃಷ್ಟಿಸುವುದು, ಅದು ವಿದ್ಯುನ್ಮಾನ ದಾಖಲೆಯಾಗಿದ್ದರೂ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 336ನೆಯ ಕಲಮಿನಡಿ ಅಪರಾಧ. ಚಿತ್ರ ಯಾರಿಂದ ಯಾವಾಗ ಬಂತೆಂಬುದು ಉಳಿದಿರುವ ಫೋನುಗಳು ಈಗ ಬೆಲೆಯುಳ್ಳವು. ನಾಚಿಕೆಯಿಂದ ಅಳಿಸಿಬಿಟ್ಟಿರುವ ಮಿತ್ರರು ಬಹಳ ಮಂದಿ. ಇನ್ನೂ ಇಟ್ಟುಕೊಂಡಿರುವವರು ಅಳಿಸದೆ, ಮುಂದಕ್ಕೂ ಕಳಿಸದೆ, ನಮ್ಮ ಕಚೇರಿಗೆ ಬಂದು ತೋರಿಸಬೇಕೆಂದು ಕೋರುತ್ತೇವೆ.

ಪತ್ರಿಕೆಯ ಮಟ್ಟಿಗೆ ನಾವು ಮಾಡಿಕೊಂಡ ಕಟ್ಟಳೆ ಇದು. ಬೋರ್ಡು, ಭಿತ್ತಿಪತ್ರ, ಗೋಡೆಬರಹ ಇರುವ ಯಾವ ಚಿತ್ರವನ್ನೂ ಅದರ ಮೂಲ ಕಡತ ನೋಡದೆ, ನಮ್ಮವರೊಬ್ಬರು ಸ್ಥಳಕ್ಕೆ ಹೋಗಿ ಬಾರದೆ ಅಚ್ಚು ಹಾಕುವುದಿಲ್ಲ. ಚಿತ್ರ ಕಳಿಸುವವರು ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸದೆ ಡಾಕ್ಯುಮೆಂಟಾಗಿ ಕಳಿಸಲಿ, ಎರಡು ಮಗ್ಗುಲಿನಿಂದ ತೆಗೆದಿರಲಿ. ಸಣ್ಣ ವ್ಯಾಪಾರಿಯೊಬ್ಬರ ಹೆಸರನ್ನು ಅವರ ಹಿತಕ್ಕಾಗಿ ಮರೆಮಾಚಬೇಕಾದಾಗ ಆ ಜಾಗಕ್ಕೆ ಬೂದು ಪಟ್ಟಿ ಹಾಕುತ್ತೇವೆ, ನೋಡಿದವರಿಗೆ ಮುಚ್ಚಿದ್ದಾರೆಂದು ಗೊತ್ತಾಗುವ ಹಾಗೆ. ಹಿಂದೆ ಒಮ್ಮೆ ಅಂಥ ಸಂದರ್ಭದಲ್ಲಿ ಬೋರ್ಡಿನ ಹೆಸರನ್ನು ಬೇರೆ ಹೆಸರಾಗಿ ತಿದ್ದಿ ಅಚ್ಚು ಹಾಕಿದ್ದೆವು. ಯಾರೂ ಗುರುತಿಸಲಿಲ್ಲವೆಂದು ಆಗ ಹೆಮ್ಮೆಪಟ್ಟಿದ್ದೂ ಉಂಟು. ಅದು ತಪ್ಪಾಗಿತ್ತು.

ದೀಪಾವಳಿಗೆ ಬೋರ್ಡನ್ನು ಹೊಸದಾಗಿ ಬರೆಸಬೇಕೆಂದು ಯಜಮಾನರು ಮೊದಲೇ ಎಣಿಸಿದ್ದರು. ದೂರಿನ ವಿಚಾರಣೆ ಮುಗಿಯುವ ತನಕ ಆ ತುಕ್ಕಿಗೆ ಕೈ ಹಚ್ಚಬೇಡಿ ಎಂದು ನಾವು ಕೇಳಿಕೊಂಡಿದ್ದೇವೆ. "ಆಗ್ಲಿ ಮೇಷ್ಟ್ರೇ, ಇಷ್ಟು ವರ್ಷ ತುಕ್ಕು ಹಿಡಿದೈತಿ, ಇನ್ನೊಂದು ಮಳೆಗಾಲ ಹಿಡೀಲಿ" ಎಂದರು. ಉದ್ರಿ ಪುಸ್ತಕ ಗಲ್ಲಾದ ಮೇಲೆ ಬಿಚ್ಚಿಟ್ಟೇ ಇತ್ತು. ಎರಡು ದಿನದ ಖಾಲಿ ಪುಟ ಬಿಟ್ಟು ಮುಂದಿನ ಪುಟದಲ್ಲಿ ಹೆಸರುಗಳು ಮತ್ತೆ ಶುರುವಾಗಿವೆ.